ಚಿಪ್ಸ್ ಆರಿಸುವಾಗ ಬಣ್ಣ ಹೇಳುವುದೇನು, ಲೇಬಲ್ ಹೇಳುವುದೇನು

ಜುಲೈ ತಿಂಗಳ ಒಂದು ಭಾನುವಾರ ಮಗಳ ಹುಟ್ಟುಹಬ್ಬಕ್ಕೆಂದು ದಾವಣಗೆರೆ ಪೇಟೆಯಿಂದ ಮೂರು ಬಗೆಯ ಚಿಪ್ಸ್ ತಂದಿದ್ದೆವು. ಒಂದು, ದೊಡ್ಡ ಕಂಪನಿಯ ಬರೀ ಉಪ್ಪು ಹಾಕಿದ ಆಲೂಗಡ್ಡೆ ಚಿಪ್ಸ್ ಪಾಕೀಟು. ಎರಡು, ‘ಬೇಕ್ಡ್, ಕರಿದದ್ದಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಮಸಾಲೆ ಚಿಪ್ಸ್. ಮೂರು, ಕಣ್ಣೆದುರೇ ಬಾಣಲೆಯಿಂದ ತೆಗೆದು ಬಿಸಿಬಿಸಿಯಾಗಿ ತೂಗಿ ಕೊಡುವ ಹಾಟ್ ಚಿಪ್ಸ್ ಅಂಗಡಿಯದು. ಚಿತ್ರದುರ್ಗದಿಂದ ಬಂದಿದ್ದ ಅತ್ತಿಗೆ ಮೂರನ್ನೂ ನೋಡಿ, “ಮಕ್ಕಳಿಗೆ ಬೇಕ್ಡ್ ಕೊಡು, ಅದರಲ್ಲಿ ಎಣ್ಣೆ ಕಡಿಮೆ. ಆ ಅಂಗಡೀದು ಬ್ಯಾಡ, ಕೆಂಪಗಾಗೇತಿ, ಎಣ್ಣಿ ಹಳೇದಿರಬೇಕು” ಅಂದರು.

ಅತ್ತಿಗೆಯ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು. ಇದೇ ತಪ್ಪನ್ನು ನಮ್ಮಲ್ಲಿ ಬಹಳ ಜನ ಮಾಡುತ್ತೇವೆ. ಚಿಪ್ಸ್ ಕೆಂಪಗಾಗುವುದಕ್ಕೆ ಮುಖ್ಯ ಕಾರಣ ಆಲೂಗಡ್ಡೆಯೊಳಗಿನ ಸಕ್ಕರೆ. ಎಣ್ಣೆ ಕಡಿಮೆ ಇರುವುದು ಬೇರೆ ಸಂಗತಿ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಕಡಿಮೆ ಇರುವುದು ಬೇರೆ ಸಂಗತಿ. ಮೊದಲನೆಯದನ್ನು ಲೇಬಲ್ ಹೇಳುತ್ತದೆ. ಎರಡನೆಯದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಂಡರೆ ಅಂಗಡಿಯ ಮುಂದೆ ನಿಂತು ಆರಿಸುವುದು ಸುಲಭವಾಗುತ್ತದೆ.

ಅಕ್ರಿಲಮೈಡ್ ಎಲ್ಲಿಂದ ಬರುತ್ತದೆ

ಇದನ್ನು ಯಾರೂ ಬೆರೆಸುವುದಿಲ್ಲ, ಕರಿಯುವಾಗ ತಾನೇ ಹುಟ್ಟುತ್ತದೆ. ಆಲೂಗಡ್ಡೆಯಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳೂ ಸ್ವಲ್ಪ ಇರುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿ, ನೀರಿನಂಶ ಆರುತ್ತಾ ಬಂದಾಗ ಈ ಎರಡೂ ಸೇರಿ ಅಕ್ರಿಲಮೈಡ್ ಆಗುತ್ತದೆ. ಚಿಪ್ಸಿಗೆ ಕಂದು ಬಣ್ಣ, ಹುರಿದ ಪರಿಮಳ ಕೊಡುವುದೂ ಇದೇ ಬಗೆಯ ಕ್ರಿಯೆ. ಬಣ್ಣ ನೋಡಿ ಅಂದಾಜು ಮಾಡಬಹುದು ಎನ್ನುವುದು ಇದೇ ಕಾರಣಕ್ಕೆ: ಬಣ್ಣವೂ ಅಕ್ರಿಲಮೈಡೂ ಒಂದೇ ಒಲೆಯಲ್ಲಿ ಹುಟ್ಟುವ ಒಡಹುಟ್ಟುಗಳು.

ಆಹಾರದಲ್ಲಿ ಇದು ಇರುವುದು ಜಗತ್ತಿಗೆ ಗೊತ್ತಾದದ್ದು 2002ರ ಏಪ್ರಿಲ್‌ನಲ್ಲಿ, ಸ್ವೀಡನ್ನಿನ ಆಹಾರ ಇಲಾಖೆ ಮತ್ತು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದವರು ಪ್ರಕಟಿಸಿದಾಗ. ಅದಕ್ಕೂ ಮೊದಲೇ, 1994ರಲ್ಲಿ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತ್ತು. ಆ ತೀರ್ಮಾನಕ್ಕೆ ಆಧಾರ ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳು. ತಿಂಡಿಯಿಂದ ಬರುವ ಅಕ್ರಿಲಮೈಡಿಗೂ ಮನುಷ್ಯರ ಕ್ಯಾನ್ಸರಿಗೂ ಇರುವ ನಂಟನ್ನು ಜನಸಮೂಹಗಳ ಅಧ್ಯಯನಗಳು ಒಂದೇ ದನಿಯಲ್ಲಿ ತೋರಿಸಿಲ್ಲ. ಹಾಗಾಗಿ ಒಂದು ಪಾಕೀಟು ತಿಂದದ್ದಕ್ಕೆ ಹೆದರಬೇಕಿಲ್ಲ. ಆದರೆ ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಹೊಟ್ಟೆ ಸೇರುವ ಪಾಲು ದೊಡ್ಡವರದಕ್ಕಿಂತ ಹೆಚ್ಚು. ದಿನಾ ಸಂಜೆ ತಿನ್ನುವ ಮನೆಯಲ್ಲಿ ಎರಡು ಬಗೆಯ ನಡುವೆ ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಐರೋಪ್ಯ ಒಕ್ಕೂಟ 2017ರ ನಿಯಮದಲ್ಲಿ ಆಲೂಗಡ್ಡೆ ಚಿಪ್ಸಿಗೆ ಕಿಲೋಗೆ 750 ಮೈಕ್ರೋಗ್ರಾಂ ಎಂಬ ಮಾನದಂಡ ಇಟ್ಟಿದೆ. ಅದು ದಾಟಿದರೆ ಮಾರಲೇಬಾರದು ಎಂಬ ಗೆರೆ ಅದಲ್ಲ. ದಾಟಿದ ತಯಾರಕರು ತಮ್ಮ ವಿಧಾನವನ್ನು ಮತ್ತೆ ಪರಿಶೀಲಿಸಿ ತಿದ್ದಿಕೊಳ್ಳಬೇಕು ಎಂಬ ಗುರುತು. ನಮ್ಮ ಪಾಕೀಟುಗಳ ಪೋಷಕಾಂಶದ ಪಟ್ಟಿಯಲ್ಲಿ ಅಕ್ರಿಲಮೈಡ್ ಎಂಬ ಸಾಲು ಇರುವುದಿಲ್ಲ, ಎಷ್ಟು ಹುಡುಕಿದರೂ ಸಿಗದು.

ಬಿಳಿ ತಟ್ಟೆಯ ಎಣಿಕೆ

ಅವತ್ತು ಅತ್ತಿಗೆಯ ಮುಂದೆ ನಾನು ಮಾಡಿದ್ದು ಇಷ್ಟೇ. ಕಿಟಕಿಯ ಹಗಲು ಬೆಳಕಿಗೆ ಬಿಳಿ ತಟ್ಟೆ ಇಟ್ಟು, ಪ್ರತಿ ಬಗೆಯಿಂದಲೂ ಕಣ್ಣುಮುಚ್ಚಿ 40 ಬಿಲ್ಲೆ ತೆಗೆದು ಹರಡಿದೆ. ಟ್ಯೂಬ್‌ಲೈಟಿನ ಕೆಳಗೆ, ಅದರಲ್ಲೂ ಅಂಗಡಿಯ ಹಳದಿ ದೀಪದ ಕೆಳಗೆ, ಎಲ್ಲವೂ ಹೊಂಬಣ್ಣವಾಗಿಯೇ ಕಾಣುತ್ತದೆ. ಹಾಗಾಗಿ ಹಗಲು ಬೆಳಕು ಬೇಕೇ ಬೇಕು. ಆಮೇಲೆ ಮೂರು ಗುಂಪು: ಪೂರ್ತಿ ತಿಳಿ ಹೊಂಬಣ್ಣದವು, ಅಂಚು ಅಥವಾ ಒಂದು ಬದಿ ಮಾತ್ರ ಕಂದಾದವು, ಅರ್ಧಕ್ಕಿಂತ ಹೆಚ್ಚು ಗಾಢ ಕಂದಾದವು.

ಕಂಪನಿಯ ಉಪ್ಪಿನ ಚಿಪ್ಸ್: 34 ಹೊಂಬಣ್ಣ, 5 ಅಂಚು ಕಂದು, 1 ಗಾಢ.

ಹಾಟ್ ಚಿಪ್ಸ್ ಅಂಗಡಿಯದು: 17 ಹೊಂಬಣ್ಣ, 15 ಅಂಚು ಕಂದು, 8 ಗಾಢ.

ಬೇಕ್ಡ್ ಮಸಾಲೆ: ಎಲ್ಲವೂ ಒಂದೇ ಕೆಂಪು-ಕಂದು. ಎಣಿಸಲು ಬರಲಿಲ್ಲ.

ಮೊದಲ ಎರಡರ ವ್ಯತ್ಯಾಸಕ್ಕೆ ಎರಡು ಕಾರಣಗಳಿವೆ. ದೊಡ್ಡ ಕಾರ್ಖಾನೆಗಳಲ್ಲಿ ಕರಿದ ಬಿಲ್ಲೆಗಳು ಪಟ್ಟಿಯ ಮೇಲೆ ಸಾಗುವಾಗ ಕ್ಯಾಮೆರಾ ನೋಡಿ, ಗಾಢ ಬಣ್ಣದವನ್ನು ಗಾಳಿಯ ಊದಿನಿಂದ ಆಚೆ ತಳ್ಳುವ ಯಂತ್ರ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಆಲೂಗಡ್ಡೆಯ ಆಯ್ಕೆ. ಚಿಪ್ಸಿಗೆಂದೇ ಬೆಳೆಸಿದ ತಳಿಗಳಿವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಚಿಪ್ಸೋನಾ ತಳಿಗಳು ಅಂಥವು. ಇವುಗಳಲ್ಲಿ ಕರಿದಾಗ ಕಂದಾಗುವ ಸಕ್ಕರೆ ಕಡಿಮೆ, ಒಣ ಅಂಶ ಹೆಚ್ಚು. ಪಲ್ಯ-ಸಾಂಬಾರಿಗೆ ನಾವು ಕೊಳ್ಳುವ ಕುಫ್ರಿ ಜ್ಯೋತಿಯಂಥ ಗಡ್ಡೆಗಳಿಗೆ ಆ ಗುಣ ಅಷ್ಟಿಲ್ಲ.

ಮರುದಿನ ಅಂಗಡಿಯವರನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. “ಅಕ್ಕಾರೆ, ಎಣ್ಣೀದಲ್ಲ ತಪ್ಪು. ಈಗ ಹಾಸನದ ಮಾಲು ಬರಂಗಿಲ್ಲ, ಇದು ಉತ್ತರದ ಕಡೆ ಕೋಲ್ಡ್ ಸ್ಟೋರೇಜಿಂದು. ಎಣ್ಣಿಗೆ ಬಿಟ್ಟ ಕೂಡ್ಲೆ ಕೆಂಪಾಗ್ತೈತಿ, ಗರಿಗರಿ ಆಗೋತನಕ ಕಾಯೋದ್ರೊಳಗೆ ಕಂದಾಗೇ ಹೋಗಿರ್ತೈತಿ.”

ಅವರ ಮಾತು ನೂರಕ್ಕೆ ನೂರು ಸರಿ. ಉತ್ತರ ಭಾರತದ ಆಲೂಗಡ್ಡೆ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಕಿತ್ತು ಶೀತಲ ಗೃಹ ಸೇರುತ್ತದೆ. ಅಲ್ಲಿ ಮೊಳಕೆ ಬಾರದಿರಲೆಂದು 2ರಿಂದ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಅಷ್ಟು ಚಳಿಯಲ್ಲಿ ಗಡ್ಡೆ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಳ್ಳುತ್ತದೆ. ಬೇಯಿಸಿ ತಿಂದರೆ ಸ್ವಲ್ಪ ಸಿಹಿ, ಅಷ್ಟೇ. ಕರಿದರೆ ಮಾತ್ರ ಆ ಸಕ್ಕರೆ ಕಂದು ಬಣ್ಣವೂ ಆಗುತ್ತದೆ, ಅಕ್ರಿಲಮೈಡೂ ಆಗುತ್ತದೆ. ಚಿಪ್ಸ್ ಕಂಪನಿಗಳು ತಮ್ಮ ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧಿ ಕೊಟ್ಟು ಇಡುವುದು ಈ ಕಾರಣಕ್ಕೇ. ಅಷ್ಟು ಬೆಚ್ಚಗಿದ್ದರೆ ಸಕ್ಕರೆ ಅಷ್ಟಾಗಿ ಏರುವುದಿಲ್ಲ.

ಕಂದು ಬಣ್ಣದಲ್ಲೂ ಬಗೆಗಳಿವೆ

ಬಿಲ್ಲೆಯ ಮೇಲೆ ಕಂದು ಎಲ್ಲಿ ಕೂತಿದೆ ಎಂದು ನೋಡಿದರೆ ಕಾರಣವೂ ತಿಳಿಯುತ್ತದೆ. ಸಿಪ್ಪೆಯ ಒಳಗಡೆ ಉಂಗುರದಂತೆ, ಅಥವಾ ಒಂದೇ ತುದಿಯಲ್ಲಿ ಗಾಢವಾಗಿದ್ದರೆ ಅದು ಸಕ್ಕರೆಯ ಗುರುತು. ಗಡ್ಡೆಯೊಳಗೆ ಸಕ್ಕರೆ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಹೀಗಾಗಿ ಒಂದೇ ಬಾಣಲೆಯ ಒಂದೇ ಸುತ್ತಿನಲ್ಲಿ ಹೊಂಬಣ್ಣದ್ದೂ ಗಾಢದ್ದೂ ಒಟ್ಟಿಗೆ ಬರುತ್ತವೆ. ನನ್ನ ತಟ್ಟೆಯಲ್ಲಿದ್ದದ್ದು ಇದೇ ಚಿತ್ರ.

ಪ್ರತಿಯೊಂದು ಬಿಲ್ಲೆಯೂ ಒಂದೇ ಸಮ ಕಂದಾಗಿ, ಹೊಂಬಣ್ಣದ್ದು ಒಂದೂ ಇಲ್ಲದಿದ್ದರೆ, ಎಣ್ಣೆ ಬಹಳ ಕಾದಿತ್ತು ಅಥವಾ ಹೊತ್ತು ಹೆಚ್ಚಾಯಿತು ಎಂದು ತಿಳಿಯಬಹುದು. ಕರಿಯುವ ಕೊನೆಯ ಅರೆ ನಿಮಿಷದಲ್ಲಿ ನೀರಿನಂಶ ಬಹುಪಾಲು ಹೋಗಿರುತ್ತದೆ. ನೀರು ಇರುವವರೆಗೆ ಬಿಲ್ಲೆಯ ಕಾವು ತಡೆದು ನಿಂತಿರುತ್ತದೆ. ಅದು ಹೋದ ಮೇಲೆ ಬಿಲ್ಲೆ ಎಣ್ಣೆಯಷ್ಟೇ ಬಿಸಿಯಾಗತೊಡಗುತ್ತದೆ, ಆಗ ಅಕ್ರಿಲಮೈಡ್ ಭರದಿಂದ ಏರುತ್ತದೆ. ಗುಳ್ಳೆ ನಿಲ್ಲುವ ಹೊತ್ತಿಗೆ ತೆಗೆದದ್ದಕ್ಕೂ ‘ಇನ್ನೊಂಚೂರು ಕೆಂಪಾಗಲಿ’ ಎಂದು ಬಿಟ್ಟದ್ದಕ್ಕೂ ಇರುವ ಅಂತರ ಇದೇ.

ಮಂಕು ಕಂದು, ಮೇಲೆ ಎಣ್ಣೆಯ ಜಿಡ್ಡು, ಮೂಗಿಗೆ ಹಳೆಯ ಬಣ್ಣದ ಡಬ್ಬಿಯಂಥ ವಾಸನೆ, ತಿಂದ ಮೇಲೆ ಗಂಟಲು ಕೆರೆತ: ಇದು ಹಳೆ ಎಣ್ಣೆಯ ಲಕ್ಷಣ. ಅತ್ತಿಗೆ ಹೇಳಿದ ದೋಷ ಇಲ್ಲಿ ನಿಜವಾಗಿ ಇರುತ್ತದೆ. ಆದರೆ ಇದನ್ನು ಬಣ್ಣಕ್ಕಿಂತ ಮೂಗಿನಿಂದ ಮತ್ತು ಬಾಣಲೆ ನೋಡಿ ಹಿಡಿಯುವುದು ಮೇಲು. ತಿಂಡಿ ಬಿಟ್ಟಾಗ ಏಳುವ ನೊರೆ ಬೇಗ ಒಡೆಯದೆ ಬಾಣಲೆ ತುಂಬ ನಿಂತರೆ, ಎಣ್ಣೆ ಪಾಕದಂತೆ ದಪ್ಪವಾಗಿದ್ದರೆ, ಏನೂ ಹಾಕದಿದ್ದಾಗಲೂ ಹೊಗೆ ಬರುತ್ತಿದ್ದರೆ ಅಲ್ಲಿಂದ ಮುಂದೆ ಹೋಗಿ. ಕಾಯಿಸಿ ಕಾಯಿಸಿ ಎಣ್ಣೆ ಕೆಟ್ಟಷ್ಟೂ ಅದರಲ್ಲಿ ಹೆಚ್ಚುವ ‘ಒಟ್ಟು ಪೋಲಾರ್ ಸಂಯುಕ್ತ’ ಶೇ 25 ದಾಟಿದರೆ ಬಳಸಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಇದೆ. ಅದನ್ನು ಅಳೆಯಲು ಮೀಟರು ಬೇಕು. ಗಿರಾಕಿಯ ಕೈಯಲ್ಲಿರುವುದು ನೊರೆ, ಹೊಗೆ, ವಾಸನೆ ಮಾತ್ರ.

ಬಿಲ್ಲೆಯ ಅಂಚಿನಲ್ಲಿ ಹಸಿರು ಕಂಡರೆ ಅದು ಇವು ಯಾವುವೂ ಅಲ್ಲ. ಬಿಸಿಲು ತಾಗಿದ ಗಡ್ಡೆಯ ಹಸಿರು ಅದು, ಅಲ್ಲಿ ಸೊಲನೈನ್ ಎಂಬ ಕಹಿ ವಿಷಾಂಶ ಇರಬಹುದು. ಅಂಥವನ್ನು ಎತ್ತಿ ಎಸೆಯಿರಿ.

ಬಣ್ಣ ಸುಳ್ಳು ಹೇಳುವ ಜಾಗಗಳು

ಮಸಾಲೆ ಚಿಪ್ಸಿನಲ್ಲಿ ಖಾರದ ಪುಡಿ, ಅರಿಸಿನ, ಟೊಮೆಟೊ ಪುಡಿ ಮೇಲೆ ಬಿದ್ದಿರುತ್ತವೆ, ಕೆಳಗಿನ ಬಣ್ಣ ಕಾಣುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ, ಮುರಿದು, ಮುರಿದ ಬದಿಯನ್ನು ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಹೋಲಿಸಲೇಬೇಕೆಂದಿದ್ದರೆ ಒಂದೇ ಕಂಪನಿಯ ಬರೀ ಉಪ್ಪಿನ ಪಾಕೀಟು ತೆಗೆದು ನೋಡುವುದು ಒಳ್ಳೆಯದು.

ಬಾಳೆಕಾಯಿ ಚಿಪ್ಸಿಗೆ ಅರಿಸಿನದ ನೀರು ಹಾಕುತ್ತಾರೆ. ಹಳದಿ ಇದೆ ಎಂದ ಮಾತ್ರಕ್ಕೆ ಅದು ಮೆಲ್ಲನೆ ಕರಿದದ್ದು ಎನ್ನಲಾಗದು. ಇಲ್ಲಿ ನೋಡಬೇಕಾದದ್ದು ನಡುವಿನ ಬೀಜದ ಭಾಗ. ಕಾಯಿ ಹಣ್ಣಾಗತೊಡಗಿದ್ದರೆ ಸಕ್ಕರೆ ಏರಿ, ನಡುವೆ ಕಂದು ಚುಕ್ಕೆ ಬರುತ್ತದೆ, ತಿಂದರೆ ನಸು ಸಿಹಿ. ಚೆನ್ನಾಗಿ ಬಲಿತ ಹಸಿ ಕಾಯಿಯದಾದರೆ ನಡುವೂ ಅಂಚೂ ಒಂದೇ ಬಣ್ಣ. ಗೆಣಸು, ಬೀಟ್‌ರೂಟ್, ಕ್ಯಾರೆಟ್ ಚಿಪ್ಸ್ ‘ತರಕಾರಿ’ ಎಂಬ ಹೆಸರಿನಿಂದ ಒಳ್ಳೆಯದೆನಿಸುತ್ತವೆ. ಅವುಗಳಲ್ಲಿ ಸಕ್ಕರೆ ಸಹಜವಾಗಿಯೇ ಹೆಚ್ಚು, ಆದ್ದರಿಂದ ಅಕ್ರಿಲಮೈಡ್ ಆಲೂಗಡ್ಡೆ ಚಿಪ್ಸಿಗಿಂತ ಹೆಚ್ಚಿರಲೂಬಹುದು. ಬೀಟ್‌ರೂಟಿನ ಕೆಂಪಿನಲ್ಲಿ ಕಂದು ಕಾಣಿಸುವುದೂ ಇಲ್ಲ.

ಲೇಬಲ್ಲಿನಲ್ಲಿ ನೋಡಬೇಕಾದ ಸಾಲುಗಳು

ಮೊದಲು 100 ಗ್ರಾಮಿನ ಅಂಕಣಕ್ಕೆ ಹೋಗಿ. ‘ಒಂದು ಸರ್ವಿಂಗ್‌ಗೆ’ ಎಂಬ ಅಂಕಣ ಕಂಪನಿಯಿಂದ ಕಂಪನಿಗೆ ಬೇರೆ, ಅದರಿಂದ ಹೋಲಿಕೆ ಆಗದು. ನಮ್ಮ ಉಪ್ಪಿನ ಪಾಕೀಟಿನಲ್ಲಿ 100 ಗ್ರಾಮಿಗೆ 541 ಕಿಲೋಕ್ಯಾಲರಿ, ಕೊಬ್ಬು 33 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 14 ಗ್ರಾಂ ಇತ್ತು. ಬೇಕ್ಡ್‌ನಲ್ಲಿ 448 ಕಿಲೋಕ್ಯಾಲರಿ, ಕೊಬ್ಬು 16, ಸ್ಯಾಚುರೇಟೆಡ್ 7.

33 ಎಂದರೆ ತೂಕದ ಮೂರರಲ್ಲಿ ಒಂದು ಪಾಲು ಎಣ್ಣೆ. 50 ಗ್ರಾಮಿನ ಪಾಕೀಟು ಖಾಲಿ ಮಾಡಿದರೆ 16 ಗ್ರಾಮಿಗೂ ಹೆಚ್ಚು. ಲೇಬಲ್ಲಿನ ಶೇಕಡಾವಾರು ಲೆಕ್ಕಕ್ಕೆ ದಿನದ ಕೊಬ್ಬನ್ನು 67 ಗ್ರಾಂ ಎಂದು ಹಿಡಿಯುತ್ತಾರೆ, ಅದರ ಕಾಲು ಭಾಗ ಅಲ್ಲೇ ಆಯಿತು. ಕರಿದ ಆಲೂಗಡ್ಡೆ ಚಿಪ್ಸಿಗೆ 33-36 ಸಾಮಾನ್ಯ. 38-40ರ ಕಡೆ ಹೋಗಿದ್ದರೆ ಬಿಲ್ಲೆ ಬಹಳ ತೆಳು, ಅಥವಾ ಎಣ್ಣೆ ಸರಿಯಾಗಿ ಬಸಿದಿಲ್ಲ. ಎಣ್ಣೆಯ ಬಹುಪಾಲು ಒಳಗೆ ಹೋಗುವುದು ಬಾಣಲೆಯಿಂದ ಎತ್ತಿದ ಮೇಲೆ: ಒಳಗಿನ ಆವಿ ತಣಿದು ಕುಗ್ಗಿದಾಗ ಮೇಲೆ ಅಂಟಿದ್ದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿ ಇರುವಾಗಲೇ ಜಾಲರಿ ಸೌಟನ್ನು ಚೆನ್ನಾಗಿ ಕೊಡವುವ ಅಂಗಡಿಗೂ, ಹಾಗೇ ಸುರಿದು ರಾಶಿ ಹಾಕುವ ಅಂಗಡಿಗೂ ವ್ಯತ್ಯಾಸ ಇಲ್ಲೇ ಬರುತ್ತದೆ.

ಆಮೇಲೆ ಸ್ಯಾಚುರೇಟೆಡ್ ಕೊಬ್ಬನ್ನು ಒಟ್ಟು ಕೊಬ್ಬಿನ ಜೊತೆ ಇಟ್ಟು ನೋಡಿ. 33ರಲ್ಲಿ 14 ಎಂದರೆ ಶೇ 42ರಷ್ಟು, ಅದು ಪಾಮೋಲಿನ್. ಹತ್ತನೇ ಒಂದು ಪಾಲಿನಷ್ಟಿದ್ದರೆ ಸೂರ್ಯಕಾಂತಿಯಂಥ ಎಣ್ಣೆ. ಬಾಳೆಕಾಯಿ ಚಿಪ್ಸಿನಲ್ಲಿ ಒಟ್ಟು ಕೊಬ್ಬಿನ ಹತ್ತಿರಹತ್ತಿರಕ್ಕೇ ಸ್ಯಾಚುರೇಟೆಡ್ ಬಂದಿದ್ದರೆ ತೆಂಗಿನೆಣ್ಣೆ. ಇಲ್ಲಿ ಒಂದು ಎಳೆದಾಟ ಇದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕಡಿಮೆ, ಆದರೆ ಮತ್ತೆ ಮತ್ತೆ ಕಾಯಿಸಿದರೆ ಅದು ಪಾಮೋಲಿನ್‌ಗಿಂತ ಬೇಗ ಕೆಡುತ್ತದೆ. ಸೂರ್ಯಕಾಂತಿ ಎಣ್ಣೆ ಎಂದ ಕೂಡಲೇ ಬೀದಿ ಬಾಣಲೆಯನ್ನು ನಂಬುವಂತಿಲ್ಲ. ಅಲ್ಲಿ ಎಷ್ಟು ಬೇಗ ಎಣ್ಣೆ ಬದಲಿಸುತ್ತಾರೆ ಎನ್ನುವುದೇ ದೊಡ್ಡದು. ಸಣ್ಣ ತಯಾರಕರ ಪಾಕೀಟಿನಲ್ಲಿ ಯಾವ ಎಣ್ಣೆ ಎಂದು ಹೇಳದೆ ‘ಖಾದ್ಯ ಎಣ್ಣೆ’ ಎಂದಷ್ಟೇ ಇದ್ದರೆ ನಾನು ಕೆಳಗಿಡುತ್ತೇನೆ.

ಲೇಬಲ್ಲಿನ ಸಕ್ಕರೆಯ ಸಾಲು ನೋಡಿ ಅಕ್ರಿಲಮೈಡ್ ಊಹಿಸಲು ಹೋಗಬೇಡಿ. ಮಸಾಲೆ ಚಿಪ್ಸಿನ 4-5 ಗ್ರಾಂ ಸಕ್ಕರೆ ಬಹುತೇಕ ಕರಿದ ಮೇಲೆ ಉದುರಿಸಿದ ಪುಡಿಯದು. ಅದು ಬೆಂಕಿ ಕಂಡಿಲ್ಲ. ಬರೀ ಉಪ್ಪಿನ ಪಾಕೀಟಿನಲ್ಲಿ ಮಾತ್ರ ಆ ಅಂಕಿ ಗಡ್ಡೆಯ ಸಕ್ಕರೆಯದು. ಅಲ್ಲೂ ಅದು ದುರ್ಬಲ ಸುಳಿವು, ಬಣ್ಣಕ್ಕಿಂತ ಅದನ್ನು ಹೆಚ್ಚು ನಂಬಲಾರೆ.

ಬೇಕ್ಡ್ ಪಾಕೀಟಿನ ಪದಾರ್ಥಗಳ ಸಾಲಿನಲ್ಲಿ ಮೊದಲಿಗೆ ಆಲೂಗಡ್ಡೆ ಪುಡಿ, ಆಮೇಲೆ ಪಿಷ್ಟ, ಮೈದಾ ಇತ್ತು. ಹಿಟ್ಟು ಕಲಸಿ, ಲಟ್ಟಿಸಿ, ಒಲೆಯಲ್ಲಿ ಒಣಗಿಸಿದ್ದು. ಇದರಲ್ಲಿ ಎಣ್ಣೆ ಅರ್ಧಕ್ಕಿಳಿದದ್ದು ನಿಜ. ಆದರೆ ಒಲೆಯ ಶಾಖವೂ 120 ಡಿಗ್ರಿ ದಾಟುತ್ತದೆ, ನೀರೂ ಆರುತ್ತದೆ. ಆಸ್ಪರಜಿನ್ ಮತ್ತು ಸಕ್ಕರೆ ಇರುವ ಕಡೆ ಅಕ್ರಿಲಮೈಡ್ ಆಗಲು ಎಣ್ಣೆಯೇನೂ ಬೇಕಿಲ್ಲ. ಬೇಕ್ಡ್ ಚಿಪ್ಸಿನಲ್ಲಿ ಅದು ಕರಿದದ್ದರಷ್ಟೇ ಇರಬಹುದು, ಕೆಲವೊಮ್ಮೆ ಹೆಚ್ಚೂ ಇರಬಹುದು. ಇಂಥ ಹಿಟ್ಟಿನ ತಿಂಡಿಯಲ್ಲಿ ಉಬ್ಬಿಸಲು ಐಎನ್‌ಎಸ್ 503, ಅಂದರೆ ಅಮೋನಿಯಂ ಬೈಕಾರ್ಬನೇಟ್, ಹಾಕಿದ್ದರೆ ಅಕ್ರಿಲಮೈಡ್ ಏರುವುದು ಬಿಸ್ಕತ್ತಿನ ಮೇಲಿನ ಪ್ರಯೋಗಗಳಲ್ಲಿ ಗೊತ್ತಾಗಿದೆ. ಐಎನ್‌ಎಸ್ 500, ನಮ್ಮ ಅಡುಗೆ ಸೋಡಾ, ಆ ಮಟ್ಟಿಗೆ ವಾಸಿ. ‘ವ್ಯಾಕ್ಯೂಮ್ ಫ್ರೈಡ್’ ಎಂದು ಬರೆದಿದ್ದರೆ ಅದಕ್ಕೆ ಅರ್ಥ ಇದೆ: ಗಾಳಿಯ ಒತ್ತಡ ಇಳಿಸಿದಾಗ ನೀರು ಕಡಿಮೆ ಕಾವಿನಲ್ಲೇ ಆರುತ್ತದೆ, ಎಣ್ಣೆಯನ್ನು ಅಷ್ಟು ಕಾಯಿಸಬೇಕಾಗಿಲ್ಲ, ಅಕ್ರಿಲಮೈಡ್ ಕಡಿಮೆ. ‘ಕೊಲೆಸ್ಟರಾಲ್ ಇಲ್ಲ’ ಎಂಬುದಕ್ಕೆ ಅರ್ಥವಿಲ್ಲ, ಸಸ್ಯದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ.

ಯಾವುದಕ್ಕೆ ಯಾವುದು ಮೇಲು

ಎಣ್ಣೆ, ತೂಕ, ಹೃದಯದ ಚಿಂತೆ ಮುಂದಿದ್ದರೆ ಬೇಕ್ಡ್ ಪಾಕೀಟು ಗೆಲ್ಲುತ್ತದೆ, ಆದರೆ ಸೋಡಿಯಂ ಸಾಲನ್ನೂ ನೋಡಿಕೊಳ್ಳಿ. ಮಸಾಲೆಯವುಗಳಲ್ಲಿ ಉಪ್ಪು ಹೆಚ್ಚಿರುತ್ತದೆ, ದಿನದ ಲೆಕ್ಕ 2000 ಮಿಲಿಗ್ರಾಂ. ಚಿಕ್ಕ ಮಕ್ಕಳು, ದಿನವೂ ತಿನ್ನುವವರು ಇದ್ದರೆ ನಾನು ತಟ್ಟೆಯಲ್ಲಿ ಹೊಂಬಣ್ಣ ಹೆಚ್ಚು ಕಂಡ ಬರೀ ಉಪ್ಪಿನ ಚಿಪ್ಸನ್ನೇ ಸಣ್ಣ ಪಾಕೀಟಿನಲ್ಲಿ ತೆಗೆದುಕೊಳ್ಳುತ್ತೇನೆ. ಇವೆರಡಕ್ಕಿಂತಲೂ ಮೇಲಿನದು ನಮ್ಮೂರಲ್ಲೇ ಇದೆ. ಅಕ್ಕಿಯಲ್ಲಿ ಆಸ್ಪರಜಿನ್ ಆಲೂಗಡ್ಡೆಗಿಂತ ಬಹಳ ಕಡಿಮೆ, ಹಾಗಾಗಿ ಅಕ್ಕಿಹಿಟ್ಟಿನ ಕೋಡುಬಳೆ, ಚಕ್ಕುಲಿಯನ್ನು ತಿಳಿ ಬಣ್ಣಕ್ಕೆ ತೆಗೆದಿದ್ದರೆ ಅಕ್ರಿಲಮೈಡಿನ ಕಡೆಯಿಂದ ಅವು ವಾಸಿ. ಎಣ್ಣೆಯ ಕಡೆಯಿಂದ ಮಾತ್ರ ಅವೂ ಕರಿದ ತಿಂಡಿಯೇ. ಖಾರ ಮಂಡಕ್ಕಿಗೆ ಒಗ್ಗರಣೆಯ ಎಣ್ಣೆ ಬಿಟ್ಟರೆ ಬೇರೆ ಎಣ್ಣೆ ಇಲ್ಲ. ಜೊತೆಗಿರುವ ಮೆಣಸಿನಕಾಯಿ ಬಜ್ಜಿಯಲ್ಲಿ ಒಳಗೆಲ್ಲ ನೀರಿನಂಶ ಉಳಿದಿರುವುದರಿಂದ ಕಂದಾಗುವುದು ಹೊರಪದರ ಮಾತ್ರ, ಚಿಪ್ಸಿನಂತೆ ಪೂರ್ತಿ ಒಣಗುವುದಿಲ್ಲ. ಅಲ್ಲಿ ನೋಡಬೇಕಾದದ್ದು ಬಾಣಲೆಯ ಎಣ್ಣೆ.

ಬಿಡಿ ಚಿಪ್ಸಿನ ಅಂಗಡಿಯವರಿಗೆ ನಾನು ಹೇಳಿದ್ದು ಮೂರು ಮಾತು. ಕೋಲ್ಡ್ ಸ್ಟೋರೇಜಿನ ಮೂಟೆಯನ್ನು ಬಂದ ದಿನವೇ ಬಿಚ್ಚದೆ ಹತ್ತು-ಹದಿನೈದು ದಿನ ನೆರಳಲ್ಲಿ ಗಾಳಿಯಾಡಲು ಬಿಡಬೇಕು, ಸಕ್ಕರೆಯಲ್ಲಿ ಒಂದಷ್ಟು ಮತ್ತೆ ಪಿಷ್ಟವಾಗುತ್ತದೆ. ಹೆಚ್ಚಿದ ಬಿಲ್ಲೆಯನ್ನು ಅರ್ಧ ಗಂಟೆಯಾದರೂ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಒರೆಸಿ ಬಿಡಬೇಕು, ಮೇಲ್ಮೈಯ ಸಕ್ಕರೆ ತೊಳೆದುಹೋಗುತ್ತದೆ. ಎಣ್ಣೆ 175 ಡಿಗ್ರಿ ದಾಟದಿರಲಿ. ಹಾಗೆಂದು 160ಕ್ಕಿಂತ ಬಹಳ ಇಳಿಸಿದರೆ ಬಿಲ್ಲೆ ಹೊತ್ತು ಹಿಡಿದು ಎಣ್ಣೆ ಕುಡಿಯುತ್ತದೆ, ಆಗ ಒಂದು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಬಿದ್ದಂತೆ. “ಹದಿನೈದು ದಿನ ಮಾಲು ಇಡಾಕ ಜಾಗ ಎಲ್ಲೈತಿ ಅಕ್ಕಾರೆ” ಅಂದರು. ನೆನೆಸುವುದಕ್ಕೆ ಒಪ್ಪಿದರು.

ಸೆಪ್ಟೆಂಬರಿನಲ್ಲಿ ಹಾಸನದ ಹೊಸ ಗಡ್ಡೆ ಬಂದ ಮೇಲೆ ಅದೇ ಅಂಗಡಿಯಿಂದ ಮತ್ತೆ ತಂದು ಅದೇ ಕಿಟಕಿಯಲ್ಲಿ 40 ಬಿಲ್ಲೆ ಎಣಿಸಿದೆ: 31 ಹೊಂಬಣ್ಣ, 8 ಅಂಚು ಕಂದು, 1 ಗಾಢ. ಬಾಣಲೆ ಅದೇ, ಎಣ್ಣೆ ಅದೇ ಪಾಮೋಲಿನ್, ಕರಿಯುವ ಕೈಯೂ ಅದೇ. ಮಗಳು ಆ ಒಂದು ಗಾಢ ಬಿಲ್ಲೆಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಕೈ ಹಾಕಿದಳು.